ರೋಬಾಟ್ ಕೀಲಿನ ಬ್ಯಾಕ್‌ಲ್ಯಾಶ್: ಕೊನೆಯ ಹಂತದಿಂದ ಹುಡುಕಿ

«ಮೋಟರ್ ಗಟ್ಟಿಯಾಗಿ ಹಿಡಿದು ನಿಂತಿರುತ್ತೆ, ಆದರೂ ತೋಳಿನ ತುದಿ ಹಿಡಿದು ಅಲ್ಲಾಡಿಸಿದ್ರೆ ಒಂದೂವರೆ ಮಿಲಿಮೀಟರ್ ಅತ್ತಿತ್ತ ಹೋಗುತ್ತೆ. ಬೆಲ್ಟ್ ಎಷ್ಟು ಬಿಗಿ ಮಾಡಿದ್ರೂ ಕಮ್ಮಿ ಆಗ್ತಿಲ್ಲ. ಏನು ಮಾಡ್ಲಿ?»

ಬೆಲ್ಟನ್ನು ಸದ್ಯಕ್ಕೆ ಬಿಡಿ. ಕೀಲಿಗೆ ಅತಿ ಹತ್ತಿರ ಇರುವ ಕೊನೆಯ ಹಂತವನ್ನು, ಅಂದರೆ ಕೀಲನ್ನು ನೇರವಾಗಿ ತಿರುಗಿಸುವ ಗೇರ್ ಜೋಡಿಯನ್ನು, ಮೊದಲು ನೋಡಿ. ಹೆಚ್ಚಿನ ಸಲ ಕಳ್ಳ ಅಲ್ಲೇ ಇರುತ್ತಾನೆ. ಆದರೆ ಯಾವ ಸ್ಕ್ರೂ ಮುಟ್ಟುವ ಮೊದಲೂ ಅಳೆಯಬೇಕು. ಏಕೆಂದರೆ ಕೈಗೆ ಸಡಿಲ ಅನ್ನಿಸುವುದೆಲ್ಲ ಬ್ಯಾಕ್‌ಲ್ಯಾಶ್, ಅಂದರೆ ಭಾಗಗಳ ನಡುವಿನ ಖಾಲಿ ಜಾಗ, ಅಲ್ಲ.

ಮೊದಲು ಮೋಟರಿನ ಪುಲ್ಲಿಯನ್ನು ಕ್ಲಾಂಪ್ ಹಾಕಿ ಚೌಕಟ್ಟಿಗೇ ಬಿಗಿಯಿರಿ. ಕರೆಂಟ್ ಕೊಟ್ಟು ನಿಲ್ಲಿಸಿದ ಸ್ಟೆಪ್ಪರ್ ಮೋಟರ್ ಕಲ್ಲಿನಂತೆ ನಿಂತಿರುವುದಿಲ್ಲ, ಅದು ಆಯಸ್ಕಾಂತದ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹಿಡಿತ ತಪ್ಪುವ ಮೊದಲು ಅದು ಒಂದು ಪೂರ್ಣ ಹೆಜ್ಜೆಯಷ್ಟು, ಅಂದರೆ 1.8 ಡಿಗ್ರಿ, ಬಾಗಿಕೊಡಬಲ್ಲದು. 20:1 ಇಳಿಕೆಯ ಕೀಲಿನಲ್ಲಿ ಅದು 0.09 ಡಿಗ್ರಿ ಆಗುತ್ತದೆ, 400 ಮಿ.ಮೀ. ಉದ್ದದ ತೋಳಿನ ತುದಿಯಲ್ಲಿ ಸುಮಾರು 0.6 ಮಿ.ಮೀ. ಇದನ್ನು ಗೇರಿನ ತಲೆಗೆ ಕಟ್ಟಿದರೆ ಗೇರ್ ಎಷ್ಟು ಸರಿಪಡಿಸಿದರೂ ಉಪಯೋಗವಿಲ್ಲ.

ಆಮೇಲೆ ತೋಳಿನ ತುದಿಗೆ ಡಯಲ್ ಗೇಜ್ ಇಟ್ಟು, ಸ್ಪ್ರಿಂಗ್ ತಕ್ಕಡಿಯಿಂದ ಒಂದು ದಿಕ್ಕಿಗೆ 1, 2, 5, 10 ನ್ಯೂಟನ್ ಎಳೆದು ಪ್ರತಿ ಸಲವೂ ಓದನ್ನು ಬರೆದುಕೊಳ್ಳಿ. ಎದುರು ದಿಕ್ಕಿಗೂ ಹಾಗೇ ಮಾಡಿ. ಪ್ರತಿ ಓದಿಗೆ ಮುನ್ನ ತೋಳಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಇಲ್ಲದಿದ್ದರೆ ಬೇರಿಂಗಿನ ಘರ್ಷಣೆ ಅದನ್ನು ನಡುದಾರಿಯಲ್ಲೇ ಹಿಡಿದಿಡುತ್ತದೆ. ಎರಡೂ ಕಡೆ 1 ನ್ಯೂಟನ್ ಎಳೆದಾಗಲೇ ಮುಳ್ಳು 1.5 ಮಿ.ಮೀ. ಹಾರಿ, ಮುಂದೆ 10 ನ್ಯೂಟನ್‌ವರೆಗೆ ಒಂದೊಂದು ಕಡೆ 0.3 ಮಿ.ಮೀ. ಮಾತ್ರ ಜರುಗಿದರೆ, ಮೊದಲ 1.5 ನಿಜವಾದ ಬ್ಯಾಕ್‌ಲ್ಯಾಶ್, ಅಂದರೆ ಖಾಲಿ ಜಾಗ. ಉಳಿದ 0.3 ಬೆಲ್ಟ್, ಶಾಫ್ಟ್, ತೋಳು ಬಾಗುವುದರಿಂದ ಬಂದದ್ದು. ಹಾರಿಕೆಯೇ ಇಲ್ಲದೆ ಬಲಕ್ಕೆ ತಕ್ಕಂತೆ ಮುಳ್ಳು ಜರುಗುತ್ತಾ ಹೋದರೆ ನಿಮ್ಮ ಸಮಸ್ಯೆ ಬ್ಯಾಕ್‌ಲ್ಯಾಶ್ ಅಲ್ಲ, ಬಿಗುಪಿನ ಕೊರತೆ, ಅಂದರೆ ಭಾಗಗಳು ಬಲಕ್ಕೆ ಬಾಗುತ್ತಿವೆ. ಅದಕ್ಕೆ ಬೇರೆಯೇ ಮದ್ದು.

ಹಾರಿಕೆ ಇದೆ ಎಂದಾದರೆ, ಗೇರಿಗೆ ಕೈ ಹಾಕುವ ಮೊದಲು ಇನ್ನೊಂದು ಕೆಲಸ. ಪ್ರತಿ ಶಾಫ್ಟಿನ ತುದಿಯಿಂದ ಅದರ ಗೇರ್ ಅಥವಾ ಪುಲ್ಲಿಯ ಮೇಲೆ ಹಾಯುವಂತೆ ಪೆನ್ನಿನಿಂದ ಒಂದೇ ಗೆರೆ ಎಳೆಯಿರಿ. ತೋಳನ್ನು ಅಲ್ಲಾಡಿಸುವಾಗ ಎಲ್ಲಾದರೂ ಗೆರೆ ಒಡೆದರೆ ಅಲ್ಲಿ ಹಲ್ಲಿನದೇನೂ ತಪ್ಪಿಲ್ಲ, ಗ್ರಬ್ ಸ್ಕ್ರೂ ಜಾರುತ್ತಿದೆ ಅಥವಾ ಶಾಫ್ಟಿನ ಕೀ ಕೂರುವ ತೋಡು ಸಡಿಲವಾಗಿದೆ. ಮುಂದೆ-ಹಿಂದೆ ತಿರುಗುವ ಕೀಲಿನಲ್ಲಿ ಗ್ರಬ್ ಸ್ಕ್ರೂ ದಿನ ಕಳೆದಂತೆ ಶಾಫ್ಟನ್ನು ಕೊರೆದು ಸಡಿಲವಾಗುತ್ತದೆ. ಮತ್ತೆ ಬಿಗಿದರೆ ಕೆಲವು ದಿನ ತಡೆಯಬಹುದು ಅಷ್ಟೆ. ಸುತ್ತಲೂ ಹಿಡಿಯುವ ಕ್ಲಾಂಪ್ ಹಬ್ ಹಾಕುವುದೇ ಸರಿ.

ಈಗ ಕೊನೆಯ ಹಂತ ಏಕೆ ಮುಖ್ಯ ಅನ್ನುವುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಮೋಟರಿನಿಂದ 20 ಹಲ್ಲಿನ ಪುಲ್ಲಿ, 2 ಮಿ.ಮೀ. ಪಿಚ್‌ನ ಬೆಲ್ಟ್, 80 ಹಲ್ಲಿನ ಪುಲ್ಲಿ: ಇದು 4:1. ಅದೇ ಶಾಫ್ಟಿನಲ್ಲಿ 16 ಹಲ್ಲಿನ ಪಿನಿಯನ್, ಕೀಲಿನ ಮೇಲೆ 80 ಹಲ್ಲಿನ ಗೇರ್, ಎರಡೂ ಮಾಡ್ಯೂಲ್ 1: ಇದು 5:1. ದೊಡ್ಡ ಗೇರಿನ ಪಿಚ್ ವೃತ್ತದ ತ್ರಿಜ್ಯ 40 ಮಿ.ಮೀ., ತೋಳು 400 ಮಿ.ಮೀ. ಹಾಗಾಗಿ ಹಲ್ಲುಗಳ ನಡುವಿನ ಸಡಿಲ ತುದಿಯಲ್ಲಿ ಹತ್ತು ಪಟ್ಟಾಗಿ ಕಾಣುತ್ತದೆ. 0.15 ಮಿ.ಮೀ. ಅಂದರೆ ಕಣ್ಣಿಗೂ ಬೀಳದ ಸಂದು. ತುದಿಯಲ್ಲಿ ಅದೇ 1.5 ಮಿ.ಮೀ. ಇನ್ನು ಬೆಲ್ಟಿನ ಹಲ್ಲು ದೊಡ್ಡ ಪುಲ್ಲಿಯ ತೋಡಿನಲ್ಲಿ 0.05 ಮಿ.ಮೀ. ಆಡುತ್ತದೆ ಅಂದುಕೊಳ್ಳಿ. ಪುಲ್ಲಿಯ ತ್ರಿಜ್ಯ 25.5 ಮಿ.ಮೀ., ಮೇಲಾಗಿ ಅದರ ಕೋನವನ್ನು ಮುಂದಿನ ಗೇರ್ ಐದರಿಂದ ಭಾಗಿಸಿಬಿಡುತ್ತದೆ. ತುದಿಗೆ ತಲುಪುವುದು 0.16 ಮಿ.ಮೀ. ಮಾತ್ರ. ಬೆಲ್ಟ್ ಎಷ್ಟು ಬಿಗಿ ಮಾಡಿದರೂ ಕಮ್ಮಿಯಾಗದಿರಲು ಇದೇ ಕಾರಣ: ಹತ್ತರಲ್ಲಿ ಒಂಬತ್ತು ಪಾಲು ಸಡಿಲ ಗೇರಿನಲ್ಲಿದೆ.

ಗೇರಿನ ಸಡಿಲ ಕಡಿಮೆ ಮಾಡುವ ನೇರ ದಾರಿ ಎರಡು ಶಾಫ್ಟುಗಳ ಕೇಂದ್ರದ ಅಂತರವನ್ನು ಸ್ವಲ್ಪ ತಗ್ಗಿಸುವುದು. ಒತ್ತಡ ಕೋನ 20 ಡಿಗ್ರಿ ಇರುವ ಮಾಮೂಲಿ ಹಲ್ಲುಗಳಿಗೆ ಲೆಕ್ಕ ಹೀಗೆ:

```
Δj = 2 × Δa × tan 20° = 0.73 × Δa
```

ಇಲ್ಲಿ `Δa` ಕೇಂದ್ರ ಅಂತರದಲ್ಲಿ ಮಾಡುವ ಬದಲಾವಣೆ, `Δj` ಅದರಿಂದ ಹಲ್ಲಿನ ಸಡಿಲದಲ್ಲಿ ಆಗುವ ಬದಲಾವಣೆ. ಸಡಿಲವನ್ನು 0.15ರಿಂದ 0.04ಕ್ಕೆ ಇಳಿಸಲು ಶಾಫ್ಟನ್ನು 0.15 ಮಿ.ಮೀ. ಹತ್ತಿರ ತಂದರೆ ಸಾಕು. ಉದ್ದ ತೂತು ಕೊರೆದು ಕೈಯಂದಾಜಿನಲ್ಲಿ ಇಷ್ಟು ಸಣ್ಣ ಚಲನೆ ಮಾಡುವುದು ಕಷ್ಟ. 0.5 ಮಿ.ಮೀ. ಅಕೇಂದ್ರತೆಯ ಎಕ್ಸೆಂಟ್ರಿಕ್ ಬುಷ್‌ನಲ್ಲಿ ಬೇರಿಂಗ್ ಕೂರಿಸಿದರೆ, ನಡುಸ್ಥಾನದಿಂದ 17–18 ಡಿಗ್ರಿ ತಿರುಗಿಸಿದಾಗ ಬೇಕಾದ 0.15 ಮಿ.ಮೀ. ಸಿಗುತ್ತದೆ. ಶಾಫ್ಟಿನ ಎರಡೂ ತುದಿಯ ಬುಷ್‌ಗಳನ್ನು ಒಂದೇ ಅಳತೆಗೆ ತಿರುಗಿಸಬೇಕು. ಒಂದು ಕಡೆ ಮಾತ್ರ ತಿರುಗಿಸಿದರೆ ಶಾಫ್ಟ್ ಓರೆಯಾಗಿ ಹಲ್ಲಿನ ಒಂದೇ ಅಂಚು ಕಚ್ಚುತ್ತದೆ.

ಹಲ್ಲುಗಳ ನಡುವೆ ಕಾಗದದ ಪಟ್ಟಿ ತೂರಿಸಿ, ಗೇರುಗಳನ್ನು ಒತ್ತಿ ಬಿಗಿದು, ಆಮೇಲೆ ಕಾಗದ ತೆಗೆಯುವ ವಿಧಾನ ಬಹಳ ಕಡೆ ಬಳಕೆಯಲ್ಲಿದೆ. ಬೇರೆ ಯಂತ್ರಗಳಿಗೆ ಅದು ಚೆನ್ನ, ಕೀಲಿನ ಕೊನೆಯ ಗೇರಿಗೆ ಮಾತ್ರ ಸಾಲದು. ಮಾಮೂಲಿ ಕಾಗದವೇ ಸುಮಾರು 0.1 ಮಿ.ಮೀ. ದಪ್ಪ, ಅದೂ ಹಲ್ಲಿನ ಎರಡು ಪಕ್ಕದಲ್ಲೂ ಕೂರುತ್ತದೆ. ಹೊರಟ ಜಾಗಕ್ಕೇ ಮರಳಿ ಬಂದಿರುತ್ತೀರಿ.

ಹಾಗಾದರೆ ಸಂದು ಪೂರ್ತಿ ಮುಚ್ಚಿಬಿಡಬಾರದೇ? ಆಗುವುದಿಲ್ಲ, ಏಕೆಂದರೆ ಯಾವ ಗೇರೂ ತನ್ನ ಕೇಂದ್ರದ ಸುತ್ತ ಸರಿಯಾಗಿ ತಿರುಗುವುದಿಲ್ಲ. ದೊಡ್ಡ ಗೇರ್ ಬರೀ 0.03 ಮಿ.ಮೀ. ಕೇಂದ್ರ ತಪ್ಪಿ ಕೂತಿದ್ದರೂ ಒಂದು ಸುತ್ತಿನಲ್ಲಿ ಸಡಿಲ 0.044 ಮಿ.ಮೀ.ನಷ್ಟು ಏರಿಳಿಯುತ್ತದೆ. ಸಡಿಲ ಜಾಗದಲ್ಲಿ ನಿಂತು ಸಂದು ಮುಚ್ಚಿದರೆ ಬಿಗಿ ಜಾಗ ಬಂದಾಗ ಹಲ್ಲು ಕಚ್ಚಿಕೊಂಡು ಮೋಟರ್ ಹೆಜ್ಜೆ ತಪ್ಪುತ್ತದೆ. ಆದ್ದರಿಂದ ಬೆಲ್ಟ್ ಕಳಚಿ, ನಡು ಶಾಫ್ಟನ್ನು ಬೆರಳಲ್ಲೇ ತಿರುಗಿಸುತ್ತಾ ಅತಿ ಬಿಗಿ ಅನ್ನಿಸುವ ಜಾಗ ಹುಡುಕಿ. ದೊಡ್ಡ ಗೇರ್ ಒಂದು ಸುತ್ತು ಬರುವಷ್ಟರಲ್ಲಿ ಬಿಗಿ ಐದು ಸಲ ಮರುಕಳಿಸಿದರೆ ಕೇಂದ್ರ ತಪ್ಪಿರುವುದು ಪಿನಿಯನ್, ಒಂದೇ ಸಲ ಬಂದರೆ ದೊಡ್ಡ ಗೇರ್. ಆ ಬಿಗಿ ಜಾಗದಲ್ಲಿ 0.02 ಮಿ.ಮೀ. ಸಂದು ಉಳಿಸಿ, ಅಂದರೆ ತೋಳಿನ ತುದಿಯ ಗೇಜ್ 0.2 ತೋರಿಸಬೇಕು. ಆಗ ಅತಿ ಸಡಿಲ ಜಾಗದಲ್ಲಿ ತುದಿ 0.64 ಆಡುತ್ತದೆ. ಇಲ್ಲೇ ರೋಬಾಟ್ ಕೀಲಿಗೆ ಒಂದು ಅನುಕೂಲವಿದೆ: ಅದು ಪೂರ್ತಿ ಸುತ್ತು ತಿರುಗುವುದಿಲ್ಲ. ಮೊಣಕೈ 120 ಡಿಗ್ರಿ ಮಾತ್ರ ಆಡುವುದಾದರೆ ದೊಡ್ಡ ಗೇರನ್ನು ಬಿಚ್ಚಿ, ಬಿಗಿ ಜಾಗ ಆ 120 ಡಿಗ್ರಿಯ ನಡುವೆ ಬರುವಂತೆ ಕೂರಿಸಿ. ಸಡಿಲವಿರುವ ಭಾಗಕ್ಕೆ ಪಿನಿಯನ್ ಹೋಗುವುದೇ ಇಲ್ಲ. ನೈಲಾನ್ ಗೇರಾದರೆ 0.02 ಕಡಿಮೆಯಾಯಿತು; ಅದು ತೇವ ಹೀರಿ ಉಬ್ಬುತ್ತದೆ, ಬಿಸಿಗೆ ಹಿಗ್ಗುತ್ತದೆ. ಅದಕ್ಕೆ 0.05 ಆದರೂ ಬಿಡಿ.

ಗೇರ್ ಹೊಂದಿಸಿ ಆದ ಮೇಲೆಯೇ ಬೆಲ್ಟ್ ಹಾಕಿ, ಮೋಟರನ್ನು ಸರಿಸಿ ಬಿಗಿಯಿರಿ. ಮೊದಲೇ ಬೆಲ್ಟ್ ಬಿಗಿದು ಆಮೇಲೆ ನಡು ಶಾಫ್ಟ್ ಸರಿಸಿದರೆ ಎರಡೂ ಕೆಡುತ್ತವೆ.

ಇಷ್ಟೂ ಸಾಲದಿದ್ದರೆ, ಅಥವಾ ಕೀಲನ್ನು ಇನ್ನೂ ಮಾಡಿಯೇ ಇಲ್ಲದಿದ್ದರೆ, ಹಂತಗಳ ಕ್ರಮವನ್ನು ತಿರುವುಮುರುವು ಮಾಡಿ: ಮೊದಲು ಗೇರ್, ಕೊನೆಗೆ ಬೆಲ್ಟ್. ಅದೇ 80 ಹಲ್ಲಿನ ಗೇರ್ ಅದೇ 0.15 ಸಡಿಲದೊಂದಿಗೆ ಮೊದಲ ಹಂತಕ್ಕೆ ಹೋಗಿ, ಕೊನೆಯಲ್ಲಿ 5:1 ಬೆಲ್ಟ್ ಬಂದರೆ, 1.5 ಮಿ.ಮೀ. ಐದರಿಂದ ಭಾಗವಾಗಿ 0.3 ಆಗುತ್ತದೆ, ಒಂದು ಸ್ಕ್ರೂ ಮುಟ್ಟದೆಯೇ. ಆದರೆ ಈಗ ಕೀಲಿನ ಪೂರ್ಣ ಭಾರ ಬೆಲ್ಟಿನ ಮೇಲೆ ಬೀಳುತ್ತದೆ, ಹಾಗಾಗಿ ಅದರ ಬಿಗಿತವನ್ನು ಲೆಕ್ಕ ಹಾಕಿಯೇ ಕೊಡಬೇಕು.

ಕೀಲಿನ ಮೇಲೆ ಗರಿಷ್ಠ 6 ನ್ಯೂಟನ್-ಮೀಟರ್ ತಿರುಚು ಬಲ ಇದೆ ಅಂದುಕೊಳ್ಳಿ. 3 ಮಿ.ಮೀ. ಪಿಚ್‌ನ, 15 ಮಿ.ಮೀ. ಅಗಲದ, ದುಂಡು ಹಲ್ಲಿನ ಬೆಲ್ಟ್. 20 ಮತ್ತು 100 ಹಲ್ಲಿನ ಪುಲ್ಲಿಗಳು. ದೊಡ್ಡ ಪುಲ್ಲಿಯ ತ್ರಿಜ್ಯ 47.7 ಮಿ.ಮೀ., ಆದ್ದರಿಂದ ಬೆಲ್ಟ್ ಎಳೆಯಬೇಕಾದ ಬಲ ಸುಮಾರು 126 ನ್ಯೂಟನ್. ಭಾರ ಬಿದ್ದಾಗ ಬಿಗಿ ಕಡೆಯ ಎಳೆತ ಇದರ ಅರ್ಧದಷ್ಟು ಏರುತ್ತದೆ, ಇನ್ನೊಂದು ಕಡೆಯದು ಅರ್ಧದಷ್ಟು ಇಳಿಯುತ್ತದೆ. ಆರಂಭದ ಬಿಗಿತ 63 ನ್ಯೂಟನ್‌ಗಿಂತ ಕಡಿಮೆ ಇದ್ದರೆ ಒಂದು ಕಡೆ ಜೋತುಬೀಳುತ್ತದೆ, ಆ ಕ್ಷಣಕ್ಕೆ ಕೀಲಿನ ಬಿಗುಪು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ 75 ಕೊಡಿ. ಅದನ್ನು ಮೀರಿ ಬಿಗಿದರೆ ಕೀಲು ಇನ್ನಷ್ಟು ಗಟ್ಟಿಯಾಗುವುದಿಲ್ಲ, ಬೇರಿಂಗ್ ಸವೆಯುತ್ತದೆ ಅಷ್ಟೆ. ಹೆಚ್ಚು ಬಿಗುಪು ಬೇಕಿದ್ದರೆ ಅಗಲದ ಬೆಲ್ಟ್ ಹಾಕಿ ಅಥವಾ ಪುಲ್ಲಿಗಳನ್ನು ಹತ್ತಿರ ತನ್ನಿ.

75 ನ್ಯೂಟನ್ ಆಗಿದೆಯೋ ಇಲ್ಲವೋ ಎಂದು ತಂತಿ ಮೀಟಿದ ಹಾಗೆ ಬೆಲ್ಟ್ ಮೀಟಿ ತಿಳಿಯಬಹುದು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಕಂಪನಸಂಖ್ಯೆ ಕೊಡುತ್ತದೆ.

```
T = 4 × m × L² × f²
```

`m` ಒಂದು ಮೀಟರ್ ಬೆಲ್ಟಿನ ತೂಕ. 600 ಮಿ.ಮೀ. ಬೆಲ್ಟ್ 24 ಗ್ರಾಂ ತೂಗಿದರೆ `m` 0.04 ಕಿ.ಗ್ರಾಂ. `L` ಪುಲ್ಲಿಗಳ ನಡುವೆ ಯಾವುದನ್ನೂ ಮುಟ್ಟದೆ ನಿಂತಿರುವ ಉದ್ದ, ಇಲ್ಲಿ 0.2 ಮೀ. ಲೆಕ್ಕ ಮಾಡಿದರೆ 75 ನ್ಯೂಟನ್‌ಗೆ 108 ಹರ್ಟ್ಸ್ ಬರುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆ ಓಡಿದ ಮೇಲೆ ಸ್ವಲ್ಪ ಸಡಿಲಗೊಳ್ಳುತ್ತದೆ, ಮತ್ತೆ ಮೀಟಿ ನೋಡಿ. 95 ಹರ್ಟ್ಸ್‌ಗೆ ಇಳಿದಿದ್ದರೆ ಬಿಗಿತ 58 ನ್ಯೂಟನ್, ಅಂದರೆ ಜೋತುಬೀಳುವ ಗೆರೆಯ ಕೆಳಗೆ.

ಉಳಿದ ಸಡಿಲವನ್ನು ಕಾಣದಂತೆ ಮಾಡಲು ಸ್ಪ್ರಿಂಗ್ ಇದೆ. ಹಲ್ಲು ಸದಾ ಒಂದೇ ಪಕ್ಕಕ್ಕೆ ಒರಗಿರುವಂತೆ ತೋಳನ್ನು ಎಳೆದಿಟ್ಟರೆ ಸಂದು ಇದ್ದರೂ ಅದರೊಳಗೆ ಯಾರೂ ಓಡಾಡುವುದಿಲ್ಲ. ತೋಳಿನ ಭಾರ ಇಳಿಸಲು ಸ್ಪ್ರಿಂಗ್ ಹಾಕುವವರು ಇಲ್ಲಿ ಎಡವುತ್ತಾರೆ. ಭಾರವನ್ನು ಸರಿಸಮ ತೂಗಿಸಿಬಿಟ್ಟರೆ ಹಲ್ಲು ಸಂದಿನ ನಡುವೆ ತೇಲುತ್ತದೆ, ಅಲ್ಲಾಟ ಮೊದಲಿಗಿಂತ ಹೆಚ್ಚು ಕಾಣುತ್ತದೆ. ಬೇಕೆಂದೇ ಸ್ವಲ್ಪ ಕಡಿಮೆ ತೂಗಿಸಬೇಕು. ಎಷ್ಟು ಕಡಿಮೆ ಅನ್ನುವುದನ್ನು ವೇಗ ಬದಲಾಗುವಾಗಿನ ಬಲ ಹೇಳುತ್ತದೆ: ತೋಳಿನ ಜಡತ್ವ 0.05 ಕಿ.ಗ್ರಾಂ-ಮೀ², ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 10 ರೇಡಿಯನ್ ಆದರೆ ಅದು 0.5 ನ್ಯೂಟನ್-ಮೀಟರ್. ಒರಗಿಸುವ ಬಲ ಪ್ರತಿ ಭಂಗಿಯಲ್ಲೂ 0.7 ಆದರೂ ಉಳಿದಿರಲಿ. ಸ್ಪ್ರಿಂಗ್ ಕೂಡಿಸಿದ ಎರಡು ಸೀಳಿನ ಗೇರ್ ಇದೇ ಕೆಲಸ ಮಾಡುತ್ತದೆ. ಆದರೆ 6 ನ್ಯೂಟನ್-ಮೀಟರ್ ಕೀಲಿನಲ್ಲಿ ಅದರ ಸ್ಪ್ರಿಂಗ್ ಹಲ್ಲುಗಳನ್ನು 150 ನ್ಯೂಟನ್‌ಗೂ ಹೆಚ್ಚು ಬಲದಿಂದ ಸದಾ ಒತ್ತುತ್ತಿರಬೇಕು. ಅದು ಹಗುರವಾದ ಮಣಿಕಟ್ಟಿನ ಕೀಲಿಗೆ ಒಪ್ಪುತ್ತದೆ, ಭುಜಕ್ಕಲ್ಲ.

ಸಾಫ್ಟ್‌ವೇರಿನಲ್ಲಿ ದಿಕ್ಕು ತಿರುಗಿದಾಗಲೆಲ್ಲ ಸಂದಿನಷ್ಟು ಹೆಜ್ಜೆ ಸೇರಿಸುವ ವ್ಯವಸ್ಥೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೋಟರ್ ತಿರುಗುವ ದಿಕ್ಕೇ ಹಲ್ಲು ಒರಗುವ ಪಕ್ಕವನ್ನು ತೀರ್ಮಾನಿಸುತ್ತದೆ ಎಂದು ಅದು ನಂಬುತ್ತದೆ. ತೋಳು ನೆಟ್ಟಗೆ ಮೇಲಕ್ಕೆದ್ದು ಆ ಕಡೆ ವಾಲಿದಾಗ, ಮೋಟರ್ ದಿಕ್ಕು ಬದಲಿಸದೆಯೇ ತೋಳಿನ ಭಾರ ಹಲ್ಲನ್ನು ಇನ್ನೊಂದು ಪಕ್ಕಕ್ಕೆ ಕೆಡವುತ್ತದೆ. ಆ ಹೊರಳನ್ನು ಸಾಫ್ಟ್‌ವೇರ್ ಕಾಣಬೇಕಾದರೆ ಎನ್‌ಕೋಡರ್ ಮೋಟರಿನ ಮೇಲಲ್ಲ, ಕೀಲಿನ ಮೇಲೇ ಇರಬೇಕು. ಆಗಲೂ ಸಂದು ದೊಡ್ಡದಿದ್ದರೆ ಮೋಟರ್ ಗುರಿಯ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಾ ನಿಂತ ತೋಳನ್ನೇ ನಡುಗಿಸುತ್ತದೆ. ಹಾಗಾಗಿ ಬುಷ್ ತಿರುಗಿಸಿ ಸಂದು ತಗ್ಗಿಸಿದ ಮೇಲೆಯೇ ಆ ಎನ್‌ಕೋಡರ್ ಹಾಕಿ.