ಮೊದಲ ಸಾಲು ಸರಿ ಬಂತು ಅಂತ ಬಿಟ್ಟರೆ

14 ಜುಲೈ 2025, ಸೋಮವಾರ

ಸೆಕೆಂಡ್ ಪಿಯು ಮಕ್ಕಳ ಟೆಸ್ಟ್ ಪೇಪರ್ ತಿದ್ದಿ ಮುಗಿಸಿದೆ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಎರಡೂ ಪಾಠ ಸೇರಿಸಿ ಕೊಟ್ಟಿದ್ದೆ. ಐದು ಅಂಕದ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ಮೂರು ಸಮೀಕರಣ ಕೊಡುವುದು, ಮ್ಯಾಟ್ರಿಕ್ಸ್ ವಿಧಾನದಿಂದ ಬಿಡಿಸಿ ಅನ್ನುವುದು. ಈ ಸಲ ಒಂದು ಷರತ್ತು ಹಾಕಿದ್ದೆ. ಉತ್ತರ ಬಂದ ಮೇಲೆ ಅದು ಸರಿ ಅಂತ ನೀವೇ ತಾಳೆ ನೋಡಿ ತೋರಿಸಬೇಕು, ಅದಕ್ಕೂ ಅಂಕ ಇದೆ.

```
2x +  y +  z = 7
 x + 3y + 2z = 13
 x      +  z = 4
```

ಉತ್ತರ x = 1, y = 2, z = 3. ಲೆಕ್ಕ ಸುಲಭದ್ದೇ. ಆದರೆ ಒಬ್ಬ ಹುಡುಗಿಯ ಪೇಪರ್ ನೋಡಿ ಕೆಂಪು ಪೆನ್ನು ಕೆಳಗಿಟ್ಟೆ. ಅವಳ ಉತ್ತರ 5.5, 2.5, −6.5. ಪೂರ್ತಿ ತಪ್ಪು. ಕೆಳಗೆ ತಾಳೆಯನ್ನೂ ಬರೆದಿದ್ದಾಳೆ: 11 + 2.5 − 6.5 = 7, ಸರಿ. ಅದು ನಿಜವಾಗಿಯೂ 7! ಅಷ್ಟೇ ಅಲ್ಲ, A-ಯ ಮೊದಲ ಅಡ್ಡಸಾಲನ್ನು ತನ್ನ ಅಡ್ಜಾಯಿಂಟ್ ಜೊತೆ ಗುಣಿಸಿ 4, 0, 0 ಅಂತ ತೋರಿಸಿದ್ದಾಳೆ. ಅದೂ ಸರಿಯಾಗಿಯೇ ಇದೆ. ತಪ್ಪು ಉತ್ತರ ಎರಡೆರಡು ಪರೀಕ್ಷೆ ಪಾಸ್ ಮಾಡಿಬಿಟ್ಟಿದೆ.

ಇದು ಹೇಗಾಯ್ತು ಅಂತ ಕೂತು ನೋಡಿದೆ. ಮೊದಲು ಸರಿಯಾದ ಲೆಕ್ಕ ಬರೆದಿಡುತ್ತೇನೆ.

```
      A            ಕೋಫ್ಯಾಕ್ಟರ್        ಅಡ್ಜಾಯಿಂಟ್
  2   1   1        3   1  -3        3  -1  -1
  1   3   2       -1   1   1        1   1  -3
  1   0   1       -1  -3   5       -3   1   5
```

ಮೊದಲ ಅಡ್ಡಸಾಲಿನಿಂದ ಬಿಡಿಸಿದರೆ |A| = 2×3 + 1×1 + 1×(−3) = 4. ಮೂರನೇ ಸಾಲಿನಿಂದ ಬಿಡಿಸಿದರೂ −1 + 0 + 5, ಅಂದರೆ 4. ಡಿಟರ್ಮಿನೆಂಟ್ ತಾಳೆ ನೋಡುವುದಕ್ಕೆ ಹೀಗೆ ಬೇರೆ ಸಾಲು ಹಿಡಿಯುವುದೇ ಒಳ್ಳೆಯದು, ಅದರಲ್ಲೂ ಸೊನ್ನೆ ಇರುವ ಸಾಲು ಸಿಕ್ಕರೆ ಕೆಲಸ ಕಡಿಮೆ. ಅದೇ ಸಾಲನ್ನು ಎರಡನೇ ಸಲ ಮಾಡಿದರೆ ಕಣ್ಣು ಅದೇ ತಪ್ಪನ್ನು ಮತ್ತೆ ಓದಿಕೊಂಡು ಹೋಗುತ್ತದೆ.

ಆ ಹುಡುಗಿ ಕೋಫ್ಯಾಕ್ಟರ್ ಒಂಬತ್ತನ್ನೂ ಸರಿಯಾಗಿ ತೆಗೆದಿದ್ದಾಳೆ, ಚಿಹ್ನೆಯೂ ಸರಿ. ಟ್ರಾನ್ಸ್‌ಪೋಸ್ ಮಾಡುವುದನ್ನು ಮಾತ್ರ ಮರೆತಿದ್ದಾಳೆ. ಮಧ್ಯದಲ್ಲಿರುವ ಕೋಫ್ಯಾಕ್ಟರ್ ಮ್ಯಾಟ್ರಿಕ್ಸನ್ನೇ ಅಡ್ಜಾಯಿಂಟ್ ಅಂತ ಹಿಡಿದು ಮುಂದೆ ಹೋಗಿದ್ದಾಳೆ. ಆಗ ಪೂರ್ತಿ ಗುಣಿಸಿದರೆ ಬರುವುದು ಇದು:

```
  4   0   0
 -2  -2  10
  2  -2   2
```

ಎರಡನೇ ಸಾಲಿಗೆ ಕೈ ಹಾಕಿದ್ದರೆ ಮೊದಲ ಸಂಖ್ಯೆಯಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಮೊದಲ ಸಾಲು ಮಾತ್ರ ಯಾಕೆ ಇಷ್ಟು ಚೆನ್ನಾಗಿ ಬಂತು? ಕಾರಣ A ಒಳಗೇ ಇದೆ. ಮೊದಲ ಅಡ್ಡಸಾಲು 2, 1, 1. ಮೊದಲ ಕಂಬಸಾಲೂ 2, 1, 1. ಟ್ರಾನ್ಸ್‌ಪೋಸ್ ಮಾಡದೆ ಬಿಟ್ಟಾಗ ಆ ಮ್ಯಾಟ್ರಿಕ್ಸಿನ ಮೊದಲ ಕಂಬದಲ್ಲಿ ಇರುವುದು A-ಯ ಮೊದಲ ಕಂಬದ ಕೋಫ್ಯಾಕ್ಟರುಗಳು: 3, −1, −1. ಅವುಗಳನ್ನು ಅದೇ ಕಂಬದ ಅಂಶಗಳ ಜೊತೆ ಗುಣಿಸಿ ಕೂಡಿಸಿದರೆ ಡಿಟರ್ಮಿನೆಂಟ್ ಬರುತ್ತದೆ, ಬೇರೆ ಕಂಬದ ಕೋಫ್ಯಾಕ್ಟರುಗಳ ಜೊತೆ ಗುಣಿಸಿದರೆ ಸೊನ್ನೆ ಬರುತ್ತದೆ. ಇವಳು ಗುಣಿಸಿದ್ದು ಅಡ್ಡಸಾಲನ್ನೇ, ಆದರೆ ಆ ಅಡ್ಡಸಾಲೂ ಆ ಕಂಬವೂ ಒಂದೇ ಆಗಿದ್ದರಿಂದ ತಪ್ಪು ಬಯಲಿಗೆ ಬರಲಿಲ್ಲ. ಮೊದಲ ಸಮೀಕರಣ ಸರಿ ಬಂದಿದ್ದಕ್ಕೂ ಇದೇ ಕಾರಣ. ಎರಡನೇ ಸಮೀಕರಣಕ್ಕೆ ಹಾಕಿದ್ದರೆ 5.5 + 7.5 − 13 = 0 ಬರುತ್ತಿತ್ತು, ಬೇಕಿದ್ದದ್ದು 13.

ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಕೊಟ್ಟಿದ್ದರೆ ಇನ್ನೂ ಮಜಾ. ಅಲ್ಲಿ ಟ್ರಾನ್ಸ್‌ಪೋಸ್ ಮರೆತರೂ ಉತ್ತರ ಸರಿಯೇ ಬರುತ್ತದೆ, ಮರೆತಿದ್ದು ಯಾರಿಗೂ ಗೊತ್ತಾಗುವುದೇ ಇಲ್ಲ. ಅಭ್ಯಾಸಕ್ಕೆ ಅಂಥ ಲೆಕ್ಕಗಳನ್ನೇ ಜಾಸ್ತಿ ಕೊಡಬಾರದು ಅನ್ನಿಸುತ್ತದೆ.

ತಾಳೆ ನೋಡುವಾಗ ನಾನು ಯಾವಾಗಲೂ ಹೇಳುವುದು: 1/4 ಅನ್ನು ಒಳಗೆ ತಗೊಂಡು ಹೋಗಬೇಡಿ. A-ಯನ್ನು ಅಡ್ಜಾಯಿಂಟ್ ಜೊತೆ ಗುಣಿಸಿ. ಕರ್ಣದಲ್ಲಿ ಮೂರು ಕಡೆ 4, ಉಳಿದ ಆರು ಕಡೆ ಸೊನ್ನೆ ಬಂದರೆ ಸಾಕು. ಎಲ್ಲ ಪೂರ್ಣಾಂಕ, ಒಂಬತ್ತು ಜಾಗ, ಎರಡು ಮೂರು ನಿಮಿಷದ ಕೆಲಸ. ಕೆಲವರು ಭಿನ್ನರಾಶಿಯನ್ನು ದಶಮಾಂಶ ಮಾಡಿಕೊಂಡು ಗುಣಿಸುತ್ತಾರೆ. 1/7 ಅನ್ನು 0.14 ಅಂತ ಬರೆದರೆ 7×0.14 = 0.98. ಆಮೇಲೆ ಈ 0.98 ಅನ್ನು 1 ಅಂತ ಬಿಡಬೇಕಾ, ತಪ್ಪು ಅಂತ ಹುಡುಕಬೇಕಾ, ಗೊತ್ತಾಗದೆ ಒದ್ದಾಡುತ್ತಾರೆ. ಇನ್ನೊಂದು, A·B = I ಆದರೆ B·A ಕೂಡ I ಆಗಿಯೇ ಆಗುತ್ತದೆ, ಚೌಕ ಮ್ಯಾಟ್ರಿಕ್ಸ್ ಆಗಿರುವವರೆಗೆ. ಎರಡೂ ಕಡೆಯಿಂದ ಗುಣಿಸಿ ಪುಟ ತುಂಬಿಸಬೇಕಾಗಿಲ್ಲ.

ಸರಿ ಬರದೇ ಹೋದಾಗ ಏನು ಮಾಡಬೇಕು ಅನ್ನುವುದೇ ನನಗೆ ಹೆಚ್ಚು ಇಷ್ಟವಾದ ಭಾಗ. ಹೆಚ್ಚಿನವರು ಎಲ್ಲ ಹೊಡೆದುಹಾಕಿ ಮೊದಲಿಂದ ಶುರು ಮಾಡುತ್ತಾರೆ. ಬೇಕಾಗಿಲ್ಲ. ತಪ್ಪು ಎಲ್ಲಿದೆ ಅಂತ ಆ ಗುಣಲಬ್ಧವೇ ಹೇಳುತ್ತದೆ. ಇನ್ನೊಬ್ಬ ಹುಡುಗನ ಪೇಪರಿನಲ್ಲಿ ಟ್ರಾನ್ಸ್‌ಪೋಸ್ ಸರಿ ಇದೆ, ಆದರೆ ಮೊದಲ ಸಾಲಿನ ಎರಡನೇ ಕೋಫ್ಯಾಕ್ಟರಿಗೆ ಮೈನಸ್ ಹಾಕುವುದು ಬಿಟ್ಟುಹೋಗಿದೆ. ಮೈನರ್ −1 ಬಂತು, ಅದನ್ನೇ ಹಾಗೇ ಇಟ್ಟ. ಅದು 1 ಆಗಬೇಕಿತ್ತು. ಅವನು ಗುಣಿಸಿದಾಗ ಬಂದದ್ದು:

```
  2   0   0
 -6   4   0
  0   0   4
```

ಎರಡನೇ, ಮೂರನೇ ಕಂಬ ಸರಿ ಇವೆ. ಕೆಟ್ಟಿರುವುದು ಮೊದಲ ಕಂಬ ಮಾತ್ರ. ಹಾಗಾದರೆ ತಪ್ಪು ಇರುವುದು ಅಡ್ಜಾಯಿಂಟಿನ ಮೊದಲ ಕಂಬದಲ್ಲಿ. ಆರು ಕೋಫ್ಯಾಕ್ಟರುಗಳನ್ನು ಮತ್ತೆ ಮುಟ್ಟುವ ಅಗತ್ಯವೇ ಇಲ್ಲ. ಉಳಿದ ಮೂರರಲ್ಲಿ ಯಾವುದು? ಬರಬೇಕಿದ್ದದ್ದು 4, 0, 0. ಬಂದದ್ದು 2, −6, 0. ವ್ಯತ್ಯಾಸ −2, −6, 0. ಈಗ A-ಯ ಕಂಬಗಳನ್ನು ನೋಡಿ. ಎರಡನೇ ಕಂಬ 1, 3, 0. ಅದನ್ನು −2ರಿಂದ ಗುಣಿಸಿದರೆ ಸರಿಯಾಗಿ ಈ ವ್ಯತ್ಯಾಸ. ಅಂದರೆ ಆ ಕಂಬದ ಎರಡನೇ ಸಂಖ್ಯೆ 2 ಕಡಿಮೆ ಇದೆ. −1 ಇರುವ ಕಡೆ 1 ಇರಬೇಕು. ಜಾಗವೂ ಸಿಕ್ಕಿತು, ಎಷ್ಟು ತಪ್ಪಿದೆ ಅನ್ನುವುದೂ ಸಿಕ್ಕಿತು. ಇದು ಒಂದೇ ತಪ್ಪು ಇದ್ದಾಗ ಇಷ್ಟು ಚೊಕ್ಕವಾಗಿ ಕೆಲಸ ಮಾಡುತ್ತದೆ. ಒಂದೇ ಕಂಬದಲ್ಲಿ ಎರಡು ತಪ್ಪಿದ್ದರೆ ವ್ಯತ್ಯಾಸ ಯಾವ ಕಂಬಕ್ಕೂ ಹೊಂದುವುದಿಲ್ಲ, ಆಗ ಆ ಮೂರನ್ನೂ ಮತ್ತೆ ತೆಗೆಯಬೇಕು.

ಇಲ್ಲಿ ಕೊನೆಯ ಸಾಲು ನೋಡಿದಿರಾ? 0, 0, 4. ಅದು ಸರಿ ಇದೆ. A-ಯ ಮೂರನೇ ಸಾಲಿನ ಮಧ್ಯೆ ಸೊನ್ನೆ ಇದೆಯಲ್ಲ, ತಪ್ಪು ಸಂಖ್ಯೆ ಹೋಗಿ ಆ ಸೊನ್ನೆಗೇ ಗುಣಿಸಿಕೊಂಡು ಮಾಯವಾಯಿತು. ಹುಡುಗಿಗೆ ಮೊದಲ ಸಾಲು ಮೋಸ ಮಾಡಿತು, ಈ ಹುಡುಗ ಕೊನೆಯ ಸಾಲೊಂದನ್ನೇ ನೋಡಿದ್ದರೆ ಅದೂ ಮೋಸ ಮಾಡುತ್ತಿತ್ತು. ಒಂದೇ ಲೆಕ್ಕ!

ಡಿಟರ್ಮಿನೆಂಟ್ ತಪ್ಪಿದಾಗಿನ ಗುರುತು ಬೇರೆ. ಯಾರೋ |A| = 6 ಅಂತ ಹಾಕಿ, ಅಡ್ಜಾಯಿಂಟ್ ಸರಿಯಾಗಿ ಬರೆದರು ಅನ್ನಿ. ಗುಣಿಸಿದರೆ ಕರ್ಣದಲ್ಲಿ 4, 4, 4 ಬರುತ್ತದೆ, ಸೊನ್ನೆಗಳೆಲ್ಲ ಜಾಗದಲ್ಲೇ ಇರುತ್ತವೆ. ಕರ್ಣದ ಮೂರೂ ಸಂಖ್ಯೆ ಒಂದೇ ಆಗಿ, ಅದು ನೀವು ತೆಗೆದ ಡಿಟರ್ಮಿನೆಂಟ್ ಅಲ್ಲದಿದ್ದರೆ ಅಡ್ಜಾಯಿಂಟನ್ನು ಅನುಮಾನಿಸಬೇಡಿ. 6 ಹೊಡೆದು 4 ಬರೆಯಿರಿ, ಆಯ್ತು.

ಇಬ್ಬರು ಮೂವರು |adj A| = |A|² ಅನ್ನುವ ಸೂತ್ರ ಹಾಕಿ ತಾಳೆ ತೋರಿಸಿದ್ದಾರೆ. ಇಲ್ಲಿ ಅದು 16 ಬರಬೇಕು, ಬರುತ್ತದೆ ಕೂಡ. ಆದರೆ ಟ್ರಾನ್ಸ್‌ಪೋಸ್ ಮಾಡಿದರೂ ಮಾಡದಿದ್ದರೂ ಡಿಟರ್ಮಿನೆಂಟ್ ಬದಲಾಗುವುದಿಲ್ಲ. ಹುಡುಗಿಯ ತಪ್ಪು ಮ್ಯಾಟ್ರಿಕ್ಸಿಗೂ 16 ಬರುತ್ತದೆ. ಯಾವುದು ಹೆಚ್ಚು ಜನ ಮಾಡುವ ತಪ್ಪೋ ಅದನ್ನೇ ಹಿಡಿಯದ ಪರೀಕ್ಷೆ. ಸುಮ್ನೆ ಕೆಲಸ.

ಪರೀಕ್ಷೆ ಹಾಲಿನಲ್ಲಿ ಒಂಬತ್ತು ಜಾಗ ತುಂಬಲು ಟೈಮ್ ಇಲ್ಲ ಅನ್ನುವವರಿಗೆ ಒಂದು ಅಡ್ಡದಾರಿ ಇದೆ. A-ಯ ಪ್ರತಿ ಅಡ್ಡಸಾಲನ್ನು ಕೂಡಿಸಿ: 4, 6, 2. ಈ ಮೂರನ್ನು ಕಂಬವಾಗಿ ಇಟ್ಟು ಅಡ್ಜಾಯಿಂಟಿನಿಂದ ಗುಣಿಸಿ. ಮೊದಲ ಸಾಲು 12 − 6 − 2 = 4. ಎರಡನೆಯದು 4 + 6 − 6 = 4. ಮೂರನೆಯದು −12 + 6 + 10 = 4. ಮೂರೂ ಕಡೆ ಡಿಟರ್ಮಿನೆಂಟ್ ಬರಬೇಕು. ಹುಡುಗಿಯ ಮ್ಯಾಟ್ರಿಕ್ಸಿಗೆ ಹಾಕಿದರೆ ಮೊದಲ ಸಾಲಿಗೇ 12 + 6 − 6 = 12, ಸಿಕ್ಕಿಬಿತ್ತು. ಹುಡುಗನದಕ್ಕೆ ಹಾಕಿದರೆ ಎರಡನೇ ಸಾಲಿನಲ್ಲಿ −4. ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರವನ್ನು ಹೀಗೆ ಒಂದು ಕಂಬದಿಂದ ಗುಣಿಸಿ ಪರೀಕ್ಷಿಸುವ ವಿಧಾನವನ್ನು ಲಾಟ್ವಿಯಾದ ಫ್ರೈವಾಲ್ಡ್ಸ್ 1977ರಲ್ಲಿ ಕೊಟ್ಟರು. ಅವರದು ಯಾವ ಕಂಬ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸುವ ವಿಧಾನ. ನಮ್ಮದು ಎಲ್ಲ ಕಡೆ 1 ಇಟ್ಟ ಕಂಬ, ಹಾಗಾಗಿ ಇದಕ್ಕೂ ಮಿತಿ ಇದೆ. ಯಾವುದಾದರೂ ಅಡ್ಡಸಾಲಿನ ಮೊತ್ತ ಸೊನ್ನೆ ಆದರೆ ಅಡ್ಜಾಯಿಂಟಿನ ಆ ಕಂಬದ ತಪ್ಪು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಆಗ 1, 1, 1 ಬದಲು 1, 2, 5 ಅಂತ ಏನೋ ಹಿಡಿದು, A-ಯಿಂದ ಗುಣಿಸಿ, ಬಂದದ್ದನ್ನು ಅಡ್ಜಾಯಿಂಟಿನಿಂದ ಗುಣಿಸಿ. 4, 8, 20 ವಾಪಸ್ ಬರಬೇಕು.

ಇಷ್ಟೆಲ್ಲ ಮಾಡಿದರೂ ಹಿಡಿಯಲಾಗದ ಒಂದು ತಪ್ಪು ಈ ಕಟ್ಟಿನಲ್ಲೇ ಇತ್ತು. ಮೂರನೇ ಸಮೀಕರಣದಲ್ಲಿ y ಇಲ್ಲ, ಅದನ್ನು ಗಮನಿಸದೆ ಒಬ್ಬ 1, 1, 0 ಅಂತ ಬರೆದಿದ್ದಾನೆ. ಅವನ A ಬೇರೆ, ಅವನ ಇನ್‌ವರ್ಸ್ ಆ A-ಗೆ ಸರಿ, ಗುಣಿಸಿ ತೋರಿಸಿದ್ದಾನೆ, ಒಂಬತ್ತು ಜಾಗವೂ ಸರಿ. ಗುಣಾಕಾರ ಹೇಳುವುದು ಈ ಎರಡು ಮ್ಯಾಟ್ರಿಕ್ಸ್ ಒಂದಕ್ಕೊಂದು ಇನ್‌ವರ್ಸ್ ಅಂತ ಮಾತ್ರ, ಪ್ರಶ್ನೆಯಲ್ಲಿದ್ದ ಮ್ಯಾಟ್ರಿಕ್ಸ್ ಇದೇನಾ ಅಂತ ಅಲ್ಲ. ಅದಕ್ಕೆ x, y, z ಮೂರನ್ನೂ ಮೂರು ಸಮೀಕರಣಕ್ಕೂ ಹಾಕಿ ನೋಡಬೇಕು, ಅದೂ ತನ್ನ ಉತ್ತರ ಪತ್ರಿಕೆಯಲ್ಲಿ ಬರೆದುಕೊಂಡ ಸಮೀಕರಣಕ್ಕಲ್ಲ, ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವುದಕ್ಕೆ. ಅವನಿಗೆ ತಾಳೆಯ ಅಂಕ ಕೊಟ್ಟಿದ್ದೇನೆ, ಉತ್ತರದ ಅಂಕ ಕೊಟ್ಟಿಲ್ಲ. ನಾಳೆ ಬಂದು ಜಗಳ ಆಡುತ್ತಾನೆ, ನೋಡೋಣ.