ಶುಕ್ರವಾರ ಕೊಡಲು ಆಗುವುದಿಲ್ಲ ಎಂದು ಬರೆದ ದಿನ

ಗಡುವು ಇದ್ದದ್ದು ತಿಂಗಳ 14, ಶುಕ್ರವಾರ. ನಾನು ಲೀಡ್‌ಗೆ ಮೆಸೇಜ್ ಹಾಕಿದ್ದು 10, ಸೋಮವಾರ ಮಧ್ಯಾಹ್ನ. ತೊಂದರೆ ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅದಕ್ಕೂ ಮೊದಲೇ, 6ನೇ ತಾರೀಖು ಗುರುವಾರ. ನಡುವಿನ ಆ ದಿನಗಳ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಕೆಲಸ ಇಷ್ಟು. ಯಂತ್ರ ಮಾರಿ ಸರ್ವಿಸ್ ಮಾಡಿಕೊಡುವ ಒಂದು ಸಂಸ್ಥೆಯ ಹಳೆಯ ದಾಖಲೆಗಳನ್ನು ಹೊಸ ಸಿಸ್ಟಮ್‌ಗೆ ಸಾಗಿಸಬೇಕಿತ್ತು. ಗ್ರಾಹಕರ ವಿವರ, ಯಂತ್ರಗಳ ಪಟ್ಟಿ, ಯಂತ್ರ ಕೂರಿಸಿದ ದಿನ, ಸರ್ವಿಸ್ ಮಾಡಿದ ದಿನಗಳು. ಕೂರಿಸಿದ ದಿನದಿಂದಲೇ ವಾರಂಟಿ ಲೆಕ್ಕ ಹಾಕುತ್ತಾರೆ, ಹಾಗಾಗಿ ಆ ಒಂದು ತಾರೀಖು ತಪ್ಪಿದರೆ ಗ್ರಾಹಕನಿಗೆ ಸಿಗಬೇಕಾದ ರಿಪೇರಿ ಸಿಗುವುದಿಲ್ಲ, ಇಲ್ಲವೇ ಸಿಗಬಾರದವನಿಗೆ ಸಿಗುತ್ತದೆ.

ಗುರುವಾರ ಒಂದು ದಾಖಲೆಯಲ್ಲಿ ಯಂತ್ರವನ್ನು ಅಕ್ಟೋಬರ್‌ನಲ್ಲಿ ಕೂರಿಸಿದ್ದಾರೆ ಎಂದಿತ್ತು, ಮೊದಲ ಸರ್ವಿಸ್ ಅದೇ ವರ್ಷದ ಮಾರ್ಚ್‌ನಲ್ಲಿ. ಯಾರೋ ತಪ್ಪಾಗಿ ಟೈಪ್ ಮಾಡಿರಬೇಕು ಎಂದುಕೊಂಡು ಮುಂದೆ ಹೋದೆ. ಶುಕ್ರವಾರ ಇನ್ನೂ ಎರಡು ಸಿಕ್ಕವು. ಆಗಲೂ ಯಾರಿಗೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ, ಕೂರಿಸುವ ಮೊದಲೇ ಸರ್ವಿಸ್ ಆದ ಯಂತ್ರಗಳು ಎಷ್ಟಿವೆ ಎಂದು ಹುಡುಕಿದಾಗ 2,300 ಸಾಲು ಬಂದವು. ಕಾರಣ ನನ್ನ ಸ್ಕ್ರಿಪ್ಟ್‌ನಲ್ಲೇ ಇತ್ತು.

```
>>> from dateutil.parser import parse
>>> parse("10/02/2019")
datetime.datetime(2019, 10, 2, 0, 0)
>>> parse("25/03/2019")
datetime.datetime(2019, 3, 25, 0, 0)
```

ಮೊದಲನೆಯದು ಫೆಬ್ರವರಿ 10 ಆಗಬೇಕಿತ್ತು, ಅಕ್ಟೋಬರ್ 2 ಆಗಿದೆ. ನಾವು ಬೇರೆ ಹೇಳದಿದ್ದರೆ ತಾರೀಖು ಓದುವ ಈ `parse` ಮೊದಲ ಅಂಕಿಯನ್ನು ತಿಂಗಳು ಎಂದೇ ಓದುತ್ತದೆ. ಎರಡನೆಯದರಲ್ಲಿ 25ನೇ ತಿಂಗಳು ಇಲ್ಲವಲ್ಲ, ಆಗ ತಾನೇ ತಿರುಗಿಸಿಕೊಂಡು ಸರಿಯಾಗಿ ಓದುತ್ತದೆ, ಎರರ್ ಕೊಡುವುದಿಲ್ಲ. ಎರರ್ ಬಂದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಪ್ರತಿ ತಿಂಗಳ 1ರಿಂದ 12ರವರೆಗಿನ ದಿನಗಳು ಹೀಗೆ ಅದಲುಬದಲಾಗುತ್ತವೆ. 1/1, 2/2 ಥರದ 12 ದಿನ ತಿರುಗಿಸಿದರೂ ಅದೇ, ಅವನ್ನು ಬಿಟ್ಟರೆ ವರ್ಷಕ್ಕೆ 132 ದಿನ. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ದಾಖಲೆಗಳು ಸದ್ದಿಲ್ಲದೆ ಕೆಡಬಹುದು. ಕಣ್ಣಿಗೆ ಬಿದ್ದ 2,300 ಅದರಲ್ಲಿ ಒಂದು ಪಾಲು ಮಾತ್ರ.

ದಿನವೇ ಮೊದಲು ಎಂದು ತಿಳಿಸುವ `dayfirst=True` ಸೇರಿಸಿದರೆ ಮುಗಿಯಿತಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ಶಾಖೆವಾರು ನೋಡಿದಾಗ ಏಳು ಶಾಖೆಗಳಲ್ಲಿ ಒಂದು ಶಾಖೆ ತಿಂಗಳನ್ನೇ ಮೊದಲು ಬರೆದಿತ್ತು, ಇನ್ನೊಂದು ಶಾಖೆ ಎರಡೂ ರೀತಿ ಬರೆದಿತ್ತು. ಅಲ್ಲಿಗೆ ಶುಕ್ರವಾರದ ಆಸೆ ಬಿಟ್ಟೆ.

ಮೊದಲು ಬರೆದ ಮೆಸೇಜ್ ಹೀಗಿತ್ತು: “ಮೇಡಂ, ಡೇಟಾದಲ್ಲಿ ಕೆಲವು ತೊಂದರೆಗಳಿವೆ, ಸ್ವಲ್ಪ ಜಾಸ್ತಿ ಸಮಯ ಬೇಕಾಗಬಹುದು.” ಕಳಿಸುವ ಮೊದಲು ಅವರ ಜಾಗದಲ್ಲಿ ಕೂತು ಓದಿದೆ. ಎಂಥ ತೊಂದರೆ, ಎಷ್ಟು ಸಮಯ, ಅಷ್ಟರಲ್ಲಿ ಅವರು ಗ್ರಾಹಕ ಸಂಸ್ಥೆಗೆ ಏನು ಹೇಳಬೇಕು, ಒಂದೂ ಅದರಲ್ಲಿರಲಿಲ್ಲ. ಅಳಿಸಿದೆ. ಒಂದು ಹಾಳೆ ತೆಗೆದುಕೊಂಡು ಉಳಿದ ಕೆಲಸವನ್ನು ದಿನಗಳ ಮೇಲೆ ಹರಡಿದೆ.

ಸ್ಕ್ರಿಪ್ಟ್ ತಿದ್ದಲು ಮಂಗಳವಾರ. ಆರು ಶಾಖೆಗಳದು ಸುಲಭ: ಒಂದು ಶಾಖೆಯಲ್ಲಿ ಮೊದಲ ಅಂಕಿ ಆಗಾಗ 12 ದಾಟುತ್ತಿದ್ದು ಎರಡನೆಯದು ಒಮ್ಮೆಯೂ ದಾಟದಿದ್ದರೆ ಅಲ್ಲಿ ದಿನ ಮೊದಲು, ಅದು ತಿರುಗಮುರುಗ ಆಗಿದ್ದರೆ ತಿಂಗಳು ಮೊದಲು. ಎರಡೂ ರೀತಿ ಬರೆದ ಶಾಖೆಗೆ ಮೂರು ದಿನ ಇಟ್ಟೆ. ಅಲ್ಲಿ ದಾಖಲೆಗಳಿಗೆ ಕ್ರಮಸಂಖ್ಯೆ ಇತ್ತು. ಹಿಂದಿನ ಮತ್ತು ಮುಂದಿನ ನಂಬರ್‌ಗಳ ತಾರೀಖು ಖಚಿತವಿದ್ದರೆ ನಡುವಿನದು ಆ ಎರಡರ ಮಧ್ಯೆ ಬೀಳಬೇಕು. ಹಾಗೆ ಬೀಳದವನ್ನು ಕಾಗದದ ಬಿಲ್ ನೋಡಿಯೇ ತೀರ್ಮಾನಿಸಬೇಕು. ಆಮೇಲೆ ಇಡೀ ಡೇಟಾ ಮತ್ತೆ ಸಾಗಿಸಲು ಒಂಬತ್ತು ಗಂಟೆ, ಹಗಲು ಹಳೆಯ ಸಿಸ್ಟಮ್ ಬಳಕೆಯಲ್ಲಿರುವುದರಿಂದ ರಾತ್ರಿಯೇ ಮಾಡಬೇಕು, ಅಂದರೆ ಸೋಮವಾರ 17ರ ರಾತ್ರಿ. ಮಂಗಳವಾರ ನನ್ನ ಪರಿಶೀಲನೆ, ಬುಧವಾರ ಮತ್ತು ಗುರುವಾರ ಗ್ರಾಹಕ ಸಂಸ್ಥೆಯ ಸಿಬ್ಬಂದಿಯದು.

ಕಳಿಸಿದ್ದು ಇದು:

“ಮೇಡಂ, 14ಕ್ಕೆ ಪೂರ್ತಿ ಡೇಟಾ ಕೊಡಲು ಆಗುವುದಿಲ್ಲ. 21, ಶುಕ್ರವಾರದವರೆಗೆ ಸಮಯ ಕೇಳುತ್ತಿದ್ದೇನೆ. ತಾರೀಖುಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ, ಹೀಗೇ ಕೊಟ್ಟರೆ ವಾರಂಟಿ ತಪ್ಪಾಗುತ್ತದೆ. ಸ್ಕ್ರಿಪ್ಟ್‌ನ ತಪ್ಪು ನನ್ನದು. ಒಂದು ಶಾಖೆಯ ಡೇಟಾದಲ್ಲೇ ಗೊಂದಲ ಇದೆ, ಅದಕ್ಕೆ ಆ ಶಾಖೆಯವರ ಸಹಾಯ ಬೇಕು. ದಿನಗಳ ಲೆಕ್ಕ ಕೆಳಗೆ ಹಾಕಿದ್ದೇನೆ. ಗ್ರಾಹಕರ ವಿವರ ಮತ್ತು ಯಂತ್ರಗಳ ಪಟ್ಟಿಯಲ್ಲಿ ತಾರೀಖು ಇಲ್ಲ, ಅವೆರಡನ್ನು 14ಕ್ಕೇ ಕೊಡುತ್ತೇನೆ. ಈ ಅನುಮಾನ ಗುರುವಾರವೇ ಬಂದಿತ್ತು, ಆಗಲೇ ಹೇಳಬೇಕಿತ್ತು.”

ಕೊನೆಯ ವಾಕ್ಯವನ್ನು ಎರಡು ಸಲ ತೆಗೆದು ಎರಡು ಸಲ ಸೇರಿಸಿದೆ.

ಹತ್ತು ನಿಮಿಷಕ್ಕೆ ಕರೆ ಬಂತು. ಬೈಯಲಿಲ್ಲ. ಮೊದಲು ಕೇಳಿದ್ದು, “ರಾತ್ರಿ ಓಡಿಸುವುದು ಒಂದೇ ಸಲಕ್ಕೆ ಸರಿಹೋಗುತ್ತೆ ಅಂತ ಹೇಗೆ ಲೆಕ್ಕ ಹಾಕಿದಿರಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಗಡುವು ಮುಂದೂಡಿ ಎಂದು ಕೇಳುವಾಗಲೂ ಕೇಳುವ ಸಂಕೋಚಕ್ಕೆ ಎಷ್ಟು ಕಡಿಮೆ ಆದೀತೋ ಅಷ್ಟೇ ದಿನ ಕೇಳಿದ್ದೆ. “ಇನ್ನೊಂದು ರಾತ್ರಿ ಸೇರಿಸಿ. ಒಂದು ಸಲ ಮುಂದೂಡಿದ್ದನ್ನು ನಾನು ಅವರಿಗೆ ವಿವರಿಸಬಲ್ಲೆ. ಎರಡನೇ ಸಲ ಕೇಳೋಕೆ ಹೋದರೆ ನಮ್ಮ ಯಾವ ತಾರೀಖನ್ನೂ ಅವರು ನಂಬುವುದಿಲ್ಲ” ಎಂದರು. ಎರಡನೇ ರಾತ್ರಿ ಸೇರಿಸಿ, ನಡುವಿನ ಶನಿವಾರ ಭಾನುವಾರ ಬಿಟ್ಟು ಎಣಿಸಿದಾಗ 25, ಮಂಗಳವಾರಕ್ಕೆ ಬಂತು. ಬಿಲ್ ನೋಡಿ ತೀರ್ಮಾನಿಸಬೇಕಾದವು ಎಷ್ಟು ಎಂದು ಯಾವಾಗ ಗೊತ್ತಾಗುತ್ತದೆ ಎಂದೂ ಕೇಳಿದರು. ಗುರುವಾರ ಸಂಜೆ ಎಂದೆ. ಹಾಗಾದರೆ ಗುರುವಾರ ಸಂಜೆ ಆ ಸಂಖ್ಯೆ ಹೇಳಿ, ಜಾಸ್ತಿ ಇದ್ದರೆ ಆಗಲೇ ಯೋಚಿಸೋಣ ಎಂದರು.

ಆಮೇಲೆ ಗುರುವಾರ ಸುಮ್ಮನಿದ್ದ ವಿಷಯ ಎತ್ತಿದರು. ಸಿಬ್ಬಂದಿಯ ತರಬೇತಿ 17ಕ್ಕೆ ಎಂದು ಅವರು ಖಚಿತಪಡಿಸಿದ್ದು 7ನೇ ತಾರೀಖು ಶುಕ್ರವಾರ ಮಧ್ಯಾಹ್ನ. “ಬೆಳಿಗ್ಗೆ ಬರೀ ಅನುಮಾನ ಅಂತ ಹೇಳಿದ್ದರೂ ಎರಡು ದಿನ ತಡೆದು ನೋಡುತ್ತಿದ್ದೆ.” ನಾನು ಪೂರ್ತಿ ಗೊತ್ತಾಗದೆ ಹೇಳುವುದು ಬೇಡ ಎಂದುಕೊಂಡಿದ್ದೆ, ಅಷ್ಟರಲ್ಲಿ ಅವರು ನನ್ನ 14ನೇ ತಾರೀಖನ್ನು ನಂಬಿ ಬೇರೆಯವರಿಗೆ ಮಾತು ಕೊಟ್ಟಿದ್ದರು.

ತರಬೇತಿ 17ಕ್ಕೇ ನಡೆಯಿತು, ಗ್ರಾಹಕರ ಮತ್ತು ಯಂತ್ರಗಳ ಭಾಗ ಮಾತ್ರ. ವಾರಂಟಿಯ ಭಾಗವನ್ನು ಇನ್ನೊಂದು ದಿನಕ್ಕೆ ಇಟ್ಟರು. ಗುರುವಾರ ಸಂಜೆ ನಾನು ಹೇಳಿದ ಸಂಖ್ಯೆ 410. ಸೋಮವಾರ ರಾತ್ರಿ ಓಡಿಸಿದ್ದು ನಿಜಕ್ಕೂ ಸರಿಹೋಗಲಿಲ್ಲ. ತಾರೀಖು ಗೊತ್ತಿಲ್ಲದ ಕಡೆ ಹಳೆಯ ಸಿಸ್ಟಮ್‌ನವರು 01/01/1900 ಎಂದು ತುಂಬಿಸಿದ್ದರು, ಅವೆಲ್ಲ ವಾರಂಟಿ ಮುಗಿದ ಯಂತ್ರಗಳಾಗಿ ಬಂದಿದ್ದವು. ಅವನ್ನು ಖಾಲಿ ಎಂದು ತಿದ್ದಿ ಬುಧವಾರ ರಾತ್ರಿ ಮತ್ತೆ ಓಡಿಸಿದೆ. 21 ಎಂದೇ ಹಿಡಿದಿದ್ದರೆ ಅಂದು ಇನ್ನೊಂದು ಮೆಸೇಜ್ ಬರೆಯಬೇಕಾಗುತ್ತಿತ್ತು.

25ರ ಸಂಜೆ ನಾಲ್ಕಕ್ಕೆ ಡೇಟಾ ಕೊಟ್ಟೆ. 410ರಲ್ಲಿ 38ಕ್ಕೆ ಬಿಲ್ ಸಿಗಲೇ ಇಲ್ಲ. ಅವುಗಳಿಗೆ ತಾರೀಖು ಊಹಿಸಿ ಹಾಕಲಿಲ್ಲ, ಯಂತ್ರದ ನಂಬರ್ ಸಮೇತ ಬೇರೆ ಪಟ್ಟಿ ಮಾಡಿ ಕೊಟ್ಟೆವು.