ಉಪ್ಪು ಕೊನೆಗೂ ಬೆವರುವುದನ್ನು ನಿಲ್ಲಿಸಿತು

ತಾರಸಿಯ ಪುಟ್ಟ ಉಪ್ಪಿನಾಗರದಿಂದ ಒಣಗಿಯೇ ಉಳಿಯುವ ಉಪ್ಪು ಬಂದಿದೆ! ಇಷ್ಟು ದಿನ ಡಬ್ಬಿಗೆ ತುಂಬಿದ್ದು ಮರುದಿನವೇ ಒದ್ದೆಯಾಗುತ್ತಿತ್ತು. ರುಚಿಯೂ ಕಹಿ.

ಸೋಸುವುದು, ಮೊದಲ ತೊಟ್ಟಿಯಲ್ಲಿ ಕೆಸರು ಇಳಿಸುವುದು ನಿಮಗೆ ಗೊತ್ತೇ ಇದೆ, ಬಿಡಿ. 100 ಲೀಟರ್ ಸಮುದ್ರದ ನೀರು 3.5 ಡಿಗ್ರಿ ಬೋಮೆಯಿಂದ ಹೊರಟಿತು; ಬೋಮೆ ಅಂದರೆ ನೀರು ಎಷ್ಟು ಸಾಂದ್ರವಾಗಿದೆ ಅನ್ನುವ ಅಳತೆ. 13 ಡಿಗ್ರಿಯ ಹೊತ್ತಿಗೆ ಉಳಿದದ್ದು ಸುಮಾರು 25 ಲೀಟರ್. ಅಲ್ಲಿಂದ ತೊಟ್ಟಿಯ ತಳದಲ್ಲಿ ಜಿಪ್ಸಮ್ ಗಟ್ಟಿಯಾಗಿ ಕೂರಲು ಶುರು. 25 ದಾಟುವಷ್ಟರಲ್ಲಿ ಅದರ ಹೆಚ್ಚಿನ ಪಾಲು ಹಿಂದೆ ಉಳಿಯಿತು, ಬ್ರೈನ್, ಅಂದರೆ ಗಟ್ಟಿಯಾದ ಉಪ್ಪುನೀರು, 10 ಲೀಟರಿನ ಆಸುಪಾಸಿಗೆ ಇಳಿಯಿತು. ಅದನ್ನು ಹರಳಿನ ಮಡಿಗೆ ಬಿಟ್ಟೆ. ಉಪ್ಪು ಕಟ್ಟುವುದು ಸುಮಾರು 25.5ರಿಂದ.

ಈ ಅಳತೆಗೆ ತರಿಸಿದ ಹೈಡ್ರೋಮೀಟರಿನ ಕಥೆ ಕೇಳಿ. ಅಂಗಡಿಯವರು ಕಳಿಸಿದ್ದು ನೀರಿಗಿಂತ ಹಗುರವಾದ ದ್ರವಗಳ ಬೋಮೆ. ಬ್ರೈನಿನಲ್ಲಿ ಬಿಟ್ಟರೆ ಕಡ್ಡಿಯೆಲ್ಲ ಮೇಲೆದ್ದು ನಿಂತಿತು. ಫೋನ್ ಮಾಡಿದರೆ, "ಬೋಮೆ ಅಂದ್ರೆ ಬೋಮೆ ಅಲ್ವಾ ಸಾರ್?" ಅಂತ ನನಗೇ ಪಾಠ.

ಇನ್ನು ಆ ಬೆವರು. ಉಪ್ಪು ಬೀಳುತ್ತಾ ಹೋದಂತೆ ಉಳಿದ ನೀರಿನಲ್ಲಿ ಮೆಗ್ನೀಸಿಯಮ್ ಜಾಸ್ತಿಯಾಗುತ್ತದೆ. ಅದಕ್ಕೇ 29ರಲ್ಲಿ ನಿಲ್ಲಿಸಿ ಬಿಟರ್ನ್, ಅಂದರೆ ಆ ಉಳಿದ ಕಹಿನೀರನ್ನು, ಹೊರಗೆ ಬಿಡುವುದು. ಅಷ್ಟರಲ್ಲಿ ಉಪ್ಪಿನ ಮುಕ್ಕಾಲು ಪಾಲು ಸಿಕ್ಕಿರುತ್ತದೆ, ನನಗೆ ಸುಮಾರು 2 ಕಿಲೋ. ಮಿಕ್ಕಿದ್ದಕ್ಕೆ ಆಸೆಪಟ್ಟರೆ ಕಹಿಯೂ ಜೊತೆಗೇ ಬರುತ್ತದೆ. ಆದರೆ ಸರಿಯಾಗಿ 29ಕ್ಕೇ ಬಿಟ್ಟರೂ ಹರಳುಗಳ ಸಂದಿಯಲ್ಲಿ ಬಿಟರ್ನ್ ಉಳಿಯುತ್ತದೆ. ಅದರಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡ್ ಗಾಳಿಯ ತೇವ 33 ಶೇಕಡಾ ದಾಟಿದರೂ ನೀರು ಎಳೆದುಕೊಳ್ಳುತ್ತದೆ. ಶುದ್ಧ ಉಪ್ಪಾದರೆ 75ರವರೆಗೂ ಒಣಗಿಯೇ ಇರುತ್ತದೆ. ಅಂದರೆ ಬೆವರುತ್ತಿದ್ದದ್ದು ಉಪ್ಪಲ್ಲ, ಅದಕ್ಕೆ ಅಂಟಿದ ಬಿಟರ್ನ್.

ತೊಳೆಯೋಣ ಅಂದರೆ ಸಿಹಿನೀರಿಗೆ ಉಪ್ಪೇ ಕರಗಿ ಹೋಗುತ್ತದೆ. ದಾರಿ ಸಿಕ್ಕಿದ್ದು ಹೀಗೆ: ಶುದ್ಧ ಉಪ್ಪನ್ನು ಸಿಹಿನೀರಿಗೆ ಇನ್ನು ಕರಗದು ಅನ್ನುವಷ್ಟು ಹಾಕಿ, ತಿಳಿಯಾದ ಆ ನೀರನ್ನು ಗುಡ್ಡೆ ಹಾಕಿದ ಹರಳುಗಳ ಮೇಲೆ ಸ್ವಲ್ಪಸ್ವಲ್ಪವಾಗಿ ಸುರಿದೆ. ಅದಕ್ಕೆ ಇನ್ನಷ್ಟು ಉಪ್ಪು ಹಿಡಿಸುವುದಿಲ್ಲ, ಬಿಟರ್ನ್ ಮಾತ್ರ ಕೊಚ್ಚಿ ಹೋಗುತ್ತದೆ. ಗುಡ್ಡೆಯ ಕೆಳಗೆ ನೀರು ಬಸಿಯಲು ಇಳಿಜಾರು ಬೇಕೇ ಬೇಕು, ಇಲ್ಲದಿದ್ದರೆ ತೊಳೆದದ್ದು ಅಲ್ಲೇ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಗಾಳಿಯ ತೇವ 75 ದಾಟಿದ ರಾತ್ರಿ ಹರಳಿನ ಮಡಿ ಆರುವುದಿಲ್ಲ, ಬದಲಿಗೆ ಗಾಳಿಯಿಂದಲೇ ನೀರು ಹೀರುತ್ತದೆ. ಬೆಳಿಗ್ಗೆ ಓದು ಇಳಿದಿದ್ದರೆ ಹೈಡ್ರೋಮೀಟರನ್ನು ಬೈಯಬೇಡಿ. ಮಧ್ಯಾಹ್ನ ಇಳಿದರೆ ಕಾರಣ ಬೇರೆ: ಕಾದ ಬ್ರೈನ್ ಹಗುರವಾಗಿರುತ್ತದೆ, ಓದು ಒಂದು ಡಿಗ್ರಿಯಷ್ಟು ಕಡಿಮೆ ಬರಬಹುದು. ಅದನ್ನು ನಂಬಿ ಕಾದರೆ 29 ದಾಟಿ ಹೋಗುತ್ತದೆ. ನಾನು ಲೋಟದಲ್ಲಿ ತಣಿಸಿ ಅಳೆಯುತ್ತೇನೆ.

ಬಿಟ್ಟ ಬಿಟರ್ನ್ ಮೂರ್ನಾಲ್ಕು ಲೀಟರ್ ಇದೆ, ಚೆಲ್ಲಿಲ್ಲ. ಅದನ್ನು ಇನ್ನಷ್ಟು ಆರಿಸಿ, ಚಳಿಯ ರಾತ್ರಿ ಹೊರಗಿಟ್ಟರೆ ಎಪ್ಸಮ್ ಸಾಲ್ಟ್ ಸೂಜಿಗಳಾಗಿ ಬೀಳಬೇಕು. ಟ್ರೇ ಹೇಳಿದ್ದೇನೆ, ಬೇರೆ ಅಂಗಡಿಗೆ!